ಏಳೂಮುಕ್ಕಾಲಿನಿಂದ ಹತ್ತೂವರೆಯವರೆಗೆ: ಮಾವನವರ ಪಾರ್ಶ್ವವಾಯುವಿನ ಒಂದು ಬೆಳಗು

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ಮಾವನವರಿಗೆ ಪಾರ್ಶ್ವವಾಯು ಆಯಿತು. ನಮ್ಮದು ಮಾದಾಪುರದಿಂದ ಒಳಗೆ ಇರುವ ತೋಟದ ಮನೆ. ಮಡಿಕೇರಿಗೆ ಹೋಗಬೇಕೆಂದರೂ ಸೋಮವಾರಪೇಟೆಗೆ ಹೋಗಬೇಕೆಂದರೂ ಮೊದಲು ಕಚ್ಚಾ ರಸ್ತೆಯಲ್ಲಿ ಇಳಿದು ಡಾಂಬರು ರಸ್ತೆ ಸೇರಬೇಕು. ಅಂದು ಬೆಳಿಗ್ಗೆ ಮನೆಯಲ್ಲಿ ಏನು ಕಂಡಿತು, ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಗೆ ನಿರ್ಧರಿಸಿದೆವು, ಅಲ್ಲಿ ಒಂದು ಇಂಜೆಕ್ಷನ್ ಕೊಡುವ ಮೊದಲು ವೈದ್ಯರು ಏನೇನು ನೋಡಿದರು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇಂಥ ಮನೆಗಳು ಕೊಡಗಿನಲ್ಲಿ ಸಾವಿರಾರು ಇವೆ, ಆಸ್ಪತ್ರೆಗಳು ಮಾತ್ರ ದೂರದೂರ ಇವೆ.

ಮಾವನವರಿಗೆ 68 ವರ್ಷ. ಬಿ.ಪಿ. ಇತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಕೊಯ್ಲಿನ ಗಡಿಬಿಡಿಯಲ್ಲಿ ಕೆಲವು ದಿನ ಬಿಡುತ್ತಲೂ ಇದ್ದರು. ಆ ದಿನ ಬೆಳಿಗ್ಗೆ ಎದ್ದು ಕಾಫಿ ಕುಡಿದು ಕಣಕ್ಕೆ ಹೋಗಿ, ರಾತ್ರಿ ಟಾರ್ಪಾಲು ಹೊದಿಸಿದ್ದ ಕಾಫಿಯನ್ನು ಬಿಸಿಲಿಗೆ ಹರವಿಸಿ, ತಿಂಡಿಗೆ ಒಳಗೆ ಬಂದರು. ನಾನು ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಚಟ್ನಿ ಇಟ್ಟೆ. ಅವರು ಬಲಗೈಯಲ್ಲಿ ರೊಟ್ಟಿ ಮುರಿಯಲು ಹೋದರು. ಬೆರಳುಗಳು ರೊಟ್ಟಿಯ ಮೇಲೆ ಜಾರಿದವು, ಮುರಿಯಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಗ ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆ ಹತ್ತು ನಿಮಿಷವಾಗಿತ್ತು. ‘ಏನಾಯಿತು ಮಾವ?’ ಎಂದು ಕೇಳಿದಾಗ ಅವರು ನನ್ನ ಮುಖ ನೋಡಿ, ಸ್ಪಷ್ಟವಾದ ಸ್ವರದಲ್ಲಿಯೇ, ‘ಚೀಲ ಒಳಗಡೆ ಮೊನ್ನೆ’ ಎಂದರು. ಇನ್ನೊಮ್ಮೆ ಕೇಳಿದೆ. ಅದೇ ಮೂರು ಪದಗಳು ಬೇರೆ ಕ್ರಮದಲ್ಲಿ ಬಂದವು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಅವರಿಗೆ ನೋವಿರಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ, ಕೂಗಲಿಲ್ಲ, ಬೀಳಲೂ ಇಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯು ಹೆಚ್ಚಿನವರಲ್ಲಿ ಹೀಗೆಯೇ ನೋವಿಲ್ಲದೆ ಬರುತ್ತದೆ, ಆದ್ದರಿಂದಲೇ ಮನೆಯವರು ‘ಸ್ವಲ್ಪ ಮಲಗಲಿ, ಸರಿಹೋಗುತ್ತದೆ’ ಎಂದುಕೊಳ್ಳುತ್ತಾರೆ. ಅತ್ತೆಯವರೂ ಮೊದಲು ಹೇಳಿದ್ದು ಅದನ್ನೇ: ನಸುಕಿನಿಂದ ಹೊಟ್ಟೆಗೆ ಏನೂ ಇಲ್ಲದೆ ಕಣದಲ್ಲಿ ನಿಂತಿದ್ದಾರೆ, ತಲೆ ಸುತ್ತಿರಬೇಕು, ಮಲಗಿಸೋಣ. ಅವರ ಊಹೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹಸಿವಿನಿಂದಾದ ಸುಸ್ತು ಎರಡೂ ಕೈಗಳನ್ನು ಒಂದೇ ರೀತಿ ಕುಗ್ಗಿಸುತ್ತದೆ. ಹಠಾತ್ತಾಗಿ ಒಂದೇ ಪಕ್ಕದ ಕೈ ಸೋಲುವುದು, ಜೊತೆಗೆ ಮಾತು ಕೆಡುವುದು ಬೇರೆಯೇ ಸಂಗತಿ.

ನಮ್ಮ ಊರಿನ ಆಶಾ ಕಾರ್ಯಕರ್ತೆ ಸ್ತ್ರೀಶಕ್ತಿ ಸಂಘದ ಸಭೆಯೊಂದರಲ್ಲಿ ಇದನ್ನು ಗುರುತಿಸುವ ಬಗೆಯನ್ನು ಮಾಡಿ ತೋರಿಸಿದ್ದರು. ಅದನ್ನೇ ಮಾಡಿದೆ. ‘ಮಾವ, ಹಲ್ಲು ಕಾಣುವ ಹಾಗೆ ನಗಿ’ ಎಂದೆ. ಮಾತು ಅರ್ಥವಾದಂತೆ ಕಾಣಲಿಲ್ಲ, ಆದ್ದರಿಂದ ನಾನೇ ನಕ್ಕು ತೋರಿಸಿದೆ. ಅವರ ತುಟಿಯ ಎಡ ತುದಿ ಮೇಲೆ ಹೋಯಿತು. ಬಲ ತುದಿ ಅಲ್ಲೇ ಉಳಿಯಿತು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈ ಮೇಲಾಗಿಸಿ, ಕಣ್ಣು ಮುಚ್ಚಿಸಿದೆ. ಎಡಗೈ ಇದ್ದಲ್ಲೇ ಇತ್ತು. ಬಲಗೈ ಧೊಪ್ಪನೆ ಬೀಳಲಿಲ್ಲ, ನಿಧಾನವಾಗಿ ಒಳಮುಖವಾಗಿ ತಿರುಗುತ್ತಾ ಕೆಳಗಿಳಿಯಿತು. ಈ ನಿಧಾನವಾದ ಇಳಿತವನ್ನು ಗಮನಿಸಬೇಕೆಂದು ಆಶಾ ಕಾರ್ಯಕರ್ತೆ ಒತ್ತಿ ಹೇಳಿದ್ದರು, ಏಕೆಂದರೆ ಜನರು ಕೈ ಪೂರ್ತಿ ನಿಶ್ಚಲವಾದರೆ ಮಾತ್ರ ಲಕ್ವ ಎಂದು ತಿಳಿಯುತ್ತಾರೆ. ಮುಖ, ಕೈ, ಮಾತು ಈ ಮೂರರಲ್ಲಿ ಒಂದೇ ಒಂದು ಹಠಾತ್ತಾಗಿ ಕೆಟ್ಟರೂ ಹೊರಡಲು ಅಷ್ಟು ಸಾಕು. ನಮ್ಮಲ್ಲಿ ಮೂರೂ ಕೆಟ್ಟಿದ್ದವು.

ಅಷ್ಟರಲ್ಲಿ ಲೈನ್ ಮನೆಯವರು, ಪಕ್ಕದ ತೋಟದ ಚಿಕ್ಕಮ್ಮ ಎಲ್ಲರೂ ಅಂಗಳಕ್ಕೆ ಬಂದರು. ಬಂದವರೆಲ್ಲ ಒಳ್ಳೆಯದಕ್ಕೇ ಒಂದೊಂದು ಹೇಳಿದರು. ಒಬ್ಬರು ಗಾಳಿ ಬಡಿದಿದೆ, ಬಿಸಿ ಎಣ್ಣೆ ತಿಕ್ಕಿ ಎಂದರು. ಇನ್ನೊಬ್ಬರಿಗೆ ಲಕ್ವಕ್ಕೆ ಎಣ್ಣೆ ಕೊಡುವ ನಾಟಿ ವೈದ್ಯರ ಗುರುತಿತ್ತು. ಚಿಕ್ಕಮ್ಮ ಸಕ್ಕರೆ ನೀರು ಕಲಸಿಕೊಂಡೇ ಬಂದಿದ್ದರು. ನನ್ನ ಮೈದುನ ತನ್ನ ಮೊಬೈಲಿನಲ್ಲಿ ಎಲ್ಲಿಯೋ ಓದಿದ್ದ ನೆನಪಿನಲ್ಲಿ, ‘ಅತ್ತಿಗೆ, ರಕ್ತ ತೆಳುವಾಗುವ ಆಸ್ಪಿರಿನ್ ಮಾತ್ರೆ ಕೊಟ್ಟುಬಿಡೋಣ’ ಎಂದ. ಇವುಗಳಲ್ಲಿ ಯಾವುದನ್ನೂ ಮಾಡಲಿಲ್ಲ. ಎಣ್ಣೆ ತಿಕ್ಕಿದರೆ ಕೈಗೆ ತೊಂದರೆಯಾಗಲಿಕ್ಕಿಲ್ಲ, ಆದರೆ ತೊಂದರೆ ಇರುವುದು ಕೈಯಲ್ಲಲ್ಲ, ಮೆದುಳಿನಲ್ಲಿ. ತಿಕ್ಕುತ್ತಾ ಕಳೆಯುವ ಅರ್ಧ ಗಂಟೆ ಮರಳಿ ಸಿಗುವುದಿಲ್ಲ. ನೀರಿನ ವಿಷಯ ಇನ್ನೂ ಗಂಭೀರ. ನುಂಗುವ ಸ್ನಾಯುಗಳೂ ಸೋತಿರಬಹುದಾದ್ದರಿಂದ ಬಾಯಿಗೆ ಹಾಕಿದ ನೀರು, ಕಾಫಿ, ಮಾತ್ರೆ ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶದ ಸೋಂಕಾಗಬಹುದು. ಆಸ್ಪಿರಿನ್ ಹೃದಯಾಘಾತದ ಶಂಕೆಯಲ್ಲಿ ಉಪಯೋಗಕ್ಕೆ ಬರುವ ಮಾತ್ರೆ ನಿಜ, ಆದರೆ ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯದು, ಮತ್ತು ಒಡೆದಿದ್ದರೆ ಆ ಮಾತ್ರೆ ರಕ್ತಸ್ರಾವವನ್ನು ಹೆಚ್ಚಿಸಬಹುದು. ಹಿಂದಿನ ದಿನದ ಬಿ.ಪಿ. ಮಾತ್ರೆ ತಪ್ಪಿತ್ತು ಎಂದು ಅತ್ತೆ ಅದನ್ನು ಹಿಡಿದುಕೊಂಡಿದ್ದರು, ಅದನ್ನೂ ಕೊಡಲಿಲ್ಲ. ಏಕೆ ಎಂಬುದು ನನಗೆ ಆಸ್ಪತ್ರೆಯಲ್ಲಿ ಸರಿಯಾಗಿ ತಿಳಿಯಿತು, ಮುಂದೆ ಹೇಳುತ್ತೇನೆ.

108ಕ್ಕೆ ಕರೆ ಮಾಡಿದಾಗ ಹತ್ತಿರದ ವಾಹನ ಬೇರೊಬ್ಬ ರೋಗಿಯೊಂದಿಗೆ ಹೊರಟಿತ್ತು, ನಮ್ಮಲ್ಲಿಗೆ ತಲುಪಲು ಮುಕ್ಕಾಲು ಗಂಟೆಯ ಮೇಲೆ ಆಗುತ್ತಿತ್ತು. ಪಕ್ಕದ ತೋಟದವರ ಕಾರಿನಲ್ಲಿ ಹೊರಡುವುದೆಂದಾಯಿತು. ಎಲ್ಲಿಗೆ ಎಂಬುದೇ ಕಷ್ಟದ ಪ್ರಶ್ನೆಯಾಗಿತ್ತು. ನಮಗೆ ತೀರಾ ಹತ್ತಿರದಲ್ಲಿ ಒಂದು ಚಿಕ್ಕ ಆಸ್ಪತ್ರೆ ಇದೆ. ಜ್ವರಕ್ಕೆ, ಹಾವು ಕಡಿತಕ್ಕೆ ನಾವು ಓಡುವುದು ಅಲ್ಲಿಗೇ. ಮೈದುನ ಅಲ್ಲಿಗೆ ಫೋನ್ ಮಾಡಿದಾಗ, ‘ಕರೆತನ್ನಿ, ಡ್ರಿಪ್ ಹಾಕಿ ನೋಡೋಣ’ ಎಂಬ ಉತ್ತರ ಬಂತು. ಸಿ.ಟಿ. ಯಂತ್ರ ಇದೆಯೇ ಎಂದು ಕೇಳಿದಾಗ ಇಲ್ಲವೆಂದರು. ಪಾರ್ಶ್ವವಾಯುವಿಗೆ ಸಿ.ಟಿ. ಇಲ್ಲದ ಆಸ್ಪತ್ರೆಯಲ್ಲಿ ನಿಲ್ಲುವುದೆಂದರೆ ದಾರಿಯಲ್ಲಿ ಸಮಯ ಕಳೆಯುವುದೆಂದೇ ಅರ್ಥ: ಅಲ್ಲಿ ಇಳಿಸಿ, ಚೀಟಿ ಮಾಡಿಸಿ, ಡ್ರಿಪ್ ಹಾಕಿಸಿ, ಕೊನೆಗೆ ಬೇರೆ ಕಡೆಗೆ ಬರೆದುಕೊಡುವ ಹೊತ್ತಿಗೆ ಒಂದು ಗಂಟೆ ಹೋಗಿರುತ್ತದೆ. ನೇರವಾಗಿ ಮೈಸೂರಿಗೆ ಹೋಗೋಣವೆಂದರೆ ಮಡಿಕೇರಿಯಿಂದಲೇ ಅದು ಸುಮಾರು 120 ಕಿಲೋಮೀಟರ್. ಆದ್ದರಿಂದ ಮಡಿಕೇರಿಯ ಒಂದು ಆಸ್ಪತ್ರೆಗೆ ಫೋನ್ ಮಾಡಿ ಮೂರು ವಿಷಯ ಕೇಳಿದೆವು: ಸಿ.ಟಿ. ಈಗ ನಡೆಯುತ್ತಿದೆಯೇ, ತೆಗೆಯುವವರು ಇದ್ದಾರೆಯೇ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ದಾಸ್ತಾನಿದೆಯೇ. ಮೂರಕ್ಕೂ ಹೌದು ಎಂದರು. ಅಲ್ಲಿಂದ ಮಾತನಾಡಿದ ನರ್ಸ್ ಸಿಸ್ಟರ್ ಫೋನ್ ಇಡುವ ಮೊದಲು ನಮಗೇ ಒಂದು ಪ್ರಶ್ನೆ ಹಾಕಿದರು: ‘ರೋಗಿಯನ್ನು ಕೊನೆಯ ಬಾರಿ ಚೆನ್ನಾಗಿದ್ದಂತೆ ನೋಡಿದವರು ಯಾರು, ಎಷ್ಟು ಗಂಟೆಗೆ? ಅದನ್ನು ವಿಚಾರಿಸಿಕೊಂಡೇ ಹೊರಡಿ.’

ಎಂಟು ಹತ್ತಕ್ಕೆ ಎಂದು ನಾನು ಹೇಳಿದೆ. ಅದು ನೀವು ತೊಂದರೆ ಕಂಡ ಸಮಯ, ನನಗೆ ಬೇಕಾದದ್ದು ಅದಲ್ಲ ಎಂದರು ಅವರು. ತೊಂದರೆ ಯಾವ ಕ್ಷಣದಲ್ಲಿ ಶುರುವಾಯಿತೆಂದು ಯಾರೂ ನೋಡಿಲ್ಲದಿದ್ದರೆ, ರೋಗಿ ಖಚಿತವಾಗಿ ಚೆನ್ನಾಗಿದ್ದ ಕೊನೆಯ ಕ್ಷಣದಿಂದಲೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅತ್ತೆಯ ಪ್ರಕಾರ ಅದು ಆರೂವರೆ, ಕಾಫಿ ಕೊಟ್ಟ ಹೊತ್ತು. ಅದನ್ನೇ ಹಿಡಿದಿದ್ದರೆ ನಮ್ಮ ಅವಧಿಯಲ್ಲಿ ಒಂದೂಕಾಲು ಗಂಟೆ ಸುಮ್ಮನೆ ಕಳೆದುಹೋಗುತ್ತಿತ್ತು. ಅಂಗಳದಲ್ಲಿ ನಿಂತಿದ್ದ ರಾಜಣ್ಣನನ್ನು ಕೇಳಿದೆ. ಅವನು ಅವರೊಂದಿಗೆ ಕಣದಲ್ಲಿದ್ದವನು. ಏಳೂಮುಕ್ಕಾಲಿಗೆ ಪಿಕಪ್ ಬಂದಾಗ ಯಜಮಾನರು ಚೀಲಗಳನ್ನು ತಾವೇ ಎಣಿಸಿ, ಡ್ರೈವರನೊಂದಿಗೆ ಬಾಡಿಗೆಯ ಬಗ್ಗೆ ವಾದವನ್ನೂ ಮಾಡಿದರು ಎಂದ. ಎಣಿಸಿದರು, ವಾದಿಸಿದರು ಎಂದರೆ ಮಾತೂ ಲೆಕ್ಕವೂ ಬಲಗೈಯೂ ಆಗ ಸರಿಯಿದ್ದವು. ಆಸ್ಪತ್ರೆಯ ಚೀಟಿಯಲ್ಲಿ ಬಿದ್ದ ಸಮಯ ಏಳೂಮುಕ್ಕಾಲು. ರಾಜಣ್ಣನ ಫೋನ್ ನಂಬರನ್ನೂ ಬರೆದುಕೊಂಡೆವು, ವೈದ್ಯರು ನೇರವಾಗಿ ಕೇಳಬಹುದೆಂದು. ಅವರು ಕೇಳಿಯೂ ಕೇಳಿದರು.

ಈ ಸಮಯಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ನಮಗೆ ಬಿಡಿಸಿ ಹೇಳಿದ್ದು ಆ ನಂತರ ವಾರ್ಡಿನ ವೈದ್ಯರು. ರಕ್ತನಾಳದಲ್ಲಿ ಗಡ್ಡೆ ಸಿಕ್ಕಿಕೊಂಡಾಗ ಅದು ರಕ್ತ ಒದಗಿಸುತ್ತಿದ್ದ ಮೆದುಳಿನ ಭಾಗವೆಲ್ಲ ಒಮ್ಮೆಗೇ ಸಾಯುವುದಿಲ್ಲ. ನಡುವಿನ ಒಂದು ಭಾಗ ನಿಮಿಷಗಳಲ್ಲೇ ಹೋಗುತ್ತದೆ. ಅದರ ಸುತ್ತಲಿನ ಭಾಗ, ಕಾಲುವೆ ಕಟ್ಟಿಕೊಂಡಾಗ ಪಕ್ಕದ ಗದ್ದೆಯಿಂದ ಜಿನುಗುವ ನೀರಿನಲ್ಲಿ ಬಾಡಿಕೊಂಡೇ ಜೀವ ಹಿಡಿದಿರುವ ಭತ್ತದ ಪೈರಿನಂತೆ, ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಅಲ್ಪ ರಕ್ತದಲ್ಲಿ ಬದುಕಿರುತ್ತದೆ. ಅದು ಕೆಲಸ ನಿಲ್ಲಿಸಿರುತ್ತದೆ, ಸತ್ತಿರುವುದಿಲ್ಲ. ಮಾವನವರ ಕೈ ಮತ್ತು ಮಾತು ಆ ಹೊತ್ತಿನಲ್ಲಿ ಬಹುಪಾಲು ಆ ಸ್ಥಿತಿಯಲ್ಲಿದ್ದವು. ಗಡ್ಡೆ ಕರಗಿ ರಕ್ತ ಹರಿದರೆ ಆ ಭಾಗ ಉಳಿಯುತ್ತದೆ; ತಡವಾದಷ್ಟೂ ಸತ್ತ ಭಾಗ ಹೊರಕ್ಕೆ ಹರಡುತ್ತಾ ಹೋಗುತ್ತದೆ. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಅಂದಾಜು ಇದೆ. ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಕೊಡಬಹುದಾದ ಸಾಮಾನ್ಯ ಮಿತಿ ನಾಲ್ಕೂವರೆ ಗಂಟೆ. ಆದರೆ ನಾಲ್ಕೂವರೆ ಗಂಟೆಯವರೆಗೂ ಅದು ಒಂದೇ ಸಮನೆ ಕೆಲಸ ಮಾಡುತ್ತದೆ ಎಂದಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರು ಗಂಟೆಯೊಳಗೆ ಇಂಜೆಕ್ಷನ್ ಪಡೆದ 100 ಜನರಲ್ಲಿ, ಅದನ್ನು ಪಡೆಯದವರಿಗಿಂತ ಸುಮಾರು 10 ಜನ ಹೆಚ್ಚಾಗಿ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡಿದ್ದಾರೆ. ಮೂರರಿಂದ ನಾಲ್ಕೂವರೆ ಗಂಟೆಯ ನಡುವೆ ಪಡೆದವರಲ್ಲಿ ಆ ಹೆಚ್ಚಳ ಸುಮಾರು 5 ಜನಕ್ಕೆ ಇಳಿದಿದೆ. ಎಂದರೆ ಇನ್ನೂ ಸಮಯವಿದೆ ಎಂದು ದಾರಿಯಲ್ಲಿ ನಿಂತು ತಿಂಡಿ ತಿನ್ನುವವರು ಆ ಲಾಭದ ಅರ್ಧವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಎಂಟು ನಲವತ್ತಕ್ಕೆ ಮನೆ ಬಿಟ್ಟೆವು. ಮಾವನವರನ್ನು ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ದಿಂಬು ಕೊಟ್ಟು, ನಾನು ಹಿಡಿದುಕೊಂಡು ಕುಳಿತೆ. ಘಾಟಿಯ ತಿರುವುಗಳಲ್ಲಿ ವಾಂತಿಯಾದರೆ ಅದು ಗಂಟಲಿಗೆ ಇಳಿಯಬಾರದೆಂದು ಪಕ್ಕಕ್ಕೆ ಮಲಗಿಸಿದ್ದು. ಒಮ್ಮೆ ವಾಂತಿಯೂ ಆಯಿತು. ಅತ್ತೆ ಮುಂದಿನ ಸೀಟಿನಲ್ಲಿ ಮಾವನವರ ಮಾತ್ರೆಗಳ ಪಟ್ಟಿಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಬಿ.ಪಿ. ಚೀಟಿಯನ್ನೂ ಕೈಚೀಲದಲ್ಲಿ ಹಿಡಿದಿದ್ದರು. ಆ ಚೀಟಿ ಮತ್ತು ಪಟ್ಟಿಗಳು ಆಸ್ಪತ್ರೆಯಲ್ಲಿ ನಾವು ಯಾರೂ ಊಹಿಸದಷ್ಟು ಉಪಯೋಗಕ್ಕೆ ಬಂದವು.

ಒಂಬತ್ತು ಮೂವತ್ತೈದಕ್ಕೆ ತುರ್ತು ವಿಭಾಗದ ಬಾಗಿಲಲ್ಲಿದ್ದೆವು. ಮೊದಲೇ ಫೋನ್ ಮಾಡಿದ್ದರಿಂದ ಸ್ಟ್ರೆಚರ್ ಹೊರಗೇ ಇತ್ತು. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ತೀರಾ ಇಳಿದರೂ ಒಂದು ಪಕ್ಕ ಸೋತು, ಮಾತು ತೊದಲಿ, ನೋಡಲು ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ, ಗ್ಲೂಕೋಸ್ ಕೊಟ್ಟರೆ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಆಗುವುದುಂಟು. ಮಾವನವರಲ್ಲಿ ಸಕ್ಕರೆ 148 ಇತ್ತು. ಅಲ್ಲಿಗೆ ಆ ಸಾಧ್ಯತೆ ಮುಗಿಯಿತು. ಬಿ.ಪಿ. 196ಕ್ಕೆ 112. ವೈದ್ಯರು ಕೈಕಾಲು ಎತ್ತಿಸಿ, ಕಣ್ಣು ತಿರುಗಿಸಿ, ಚಿತ್ರ ತೋರಿಸಿ ಹೆಸರು ಹೇಳಿಸಿ, ಒಂದೊಂದಕ್ಕೂ ಅಂಕ ಬರೆದುಕೊಂಡು, ಸ್ಟ್ರೆಚರನ್ನು ಸಿ.ಟಿ. ಕೋಣೆಗೆ ತಳ್ಳಿಸಿದರು.

ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಹೊರಬಂದ ತಂತ್ರಜ್ಞರು ಮೈದುನನಿಗೆ, ‘ನಾರ್ಮಲ್ ಇದೆ’ ಎಂದುಬಿಟ್ಟರು. ಅವನು ಉಸಿರು ಬಿಟ್ಟು, ಹಾಗಾದರೆ ಸ್ಟ್ರೋಕ್ ಅಲ್ಲವೇನೋ ಎಂದುಕೊಂಡ. ಸ್ಕ್ಯಾನ್ ನಾರ್ಮಲ್ ಬಂತೆಂದು ರೋಗಿಯನ್ನು ಮನೆಗೆ ಕರೆದುಕೊಂಡು ಹೋದವರ ಕಥೆಗಳನ್ನು ನಾನು ಆಮೇಲೆ ಕೇಳಿದ್ದೇನೆ, ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ. ಮೆದುಳಿನೊಳಗೆ ರಕ್ತ ಸೋರಿದ್ದರೆ ಸಿ.ಟಿ.ಯಲ್ಲಿ ಅದು ಬಿಳಿಯಾಗಿ ಆಗಲೇ ಕಾಣುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಮೊದಲ ಕೆಲವು ಗಂಟೆ ಚಿತ್ರದಲ್ಲಿ ಹೆಚ್ಚೇನೂ ಕಾಣದಿರಬಹುದು, ಏಕೆಂದರೆ ಆ ಭಾಗ ಇನ್ನೂ ಪೂರ್ತಿ ಹಾಳಾಗಿರುವುದಿಲ್ಲ. ಹಾಗಾಗಿ ಮುಖ, ಕೈ, ಮಾತು ಕೆಟ್ಟ ರೋಗಿಯಲ್ಲಿ ಸ್ಕ್ಯಾನ್ ‘ನಾರ್ಮಲ್’ ಎಂದರೆ ರಕ್ತಸ್ರಾವ ಇಲ್ಲ, ಮೆದುಳು ಇನ್ನೂ ಉಳಿಸಿಕೊಳ್ಳುವ ಸ್ಥಿತಿಯಲ್ಲಿದೆ, ಇಂಜೆಕ್ಷನ್ ಕೊಡಲು ದಾರಿ ತೆರೆದಿದೆ ಎಂದು ಅರ್ಥ. ವೈದ್ಯರು ಚಿತ್ರಗಳನ್ನು ಮೈಸೂರಿನ ನರರೋಗ ತಜ್ಞರಿಗೆ ಫೋನಿನಲ್ಲಿ ಕಳುಹಿಸಿ ಮಾತನಾಡಿದರು. ಅವರ ಅಭಿಪ್ರಾಯವೂ ಇದೇ ಆಗಿತ್ತು.

ದಾರಿ ತೆರೆದಿದ್ದರೂ ಎಲ್ಲರಿಗೂ ಆ ಇಂಜೆಕ್ಷನ್ ಕೊಡುವುದಿಲ್ಲ. ಅತ್ತೆಯ ಕೈಚೀಲ ಇಲ್ಲಿ ಕೆಲಸಕ್ಕೆ ಬಂತು. ವಾರ್ಫರಿನ್‌ನಂತಹ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬುದು ಮುಖ್ಯ ಪ್ರಶ್ನೆ. ನೆನಪಿನಿಂದ ಉತ್ತರಿಸುವ ಬದಲು ಅತ್ತೆ ಮಾತ್ರೆಯ ಪಟ್ಟಿಗಳನ್ನೇ ಮೇಜಿನ ಮೇಲೆ ಸುರಿದರು, ಇದ್ದದ್ದು ಬಿ.ಪಿ. ಮಾತ್ರೆ, ಗ್ಯಾಸಿನ ಮಾತ್ರೆ ಎರಡೇ. ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿದೆಯೇ, ಮೆದುಳಿನಲ್ಲಿ ಹಿಂದೆಂದಾದರೂ ರಕ್ತಸ್ರಾವವಾಗಿದೆಯೇ, ಮಲದಲ್ಲಿ ರಕ್ತ ಹೋಗುತ್ತಿದೆಯೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆವು. ಉಳಿದದ್ದು ಬಿ.ಪಿ. ಅದು 185ಕ್ಕೆ 110ರ ಕೆಳಗೆ ಬರುವವರೆಗೆ ಇಂಜೆಕ್ಷನ್ ಕೊಡುವಂತಿಲ್ಲ, ಏಕೆಂದರೆ ಗಡ್ಡೆ ಕರಗಿಸುವ ಔಷಧಿ ರಕ್ತದಲ್ಲಿರುವಾಗ ಹೆಚ್ಚಿನ ಒತ್ತಡದಿಂದ ಮೆದುಳಿನಲ್ಲಿ ರಕ್ತ ಸೋರಬಹುದು. ಆದರೆ ಅದನ್ನು ಸಿಕ್ಕಾಪಟ್ಟೆ ಇಳಿಸುವಂತೆಯೂ ಇಲ್ಲ. ಬಾಡಿಕೊಂಡು ಬದುಕಿರುವ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ರಕ್ತ ತಳ್ಳುತ್ತಿರುವುದು ಆ ಒತ್ತಡವೇ. ಮನೆಯಲ್ಲಿ ಬಿ.ಪಿ. ಮಾತ್ರೆ ಕೊಡಬಾರದೆಂಬುದರ ಕಾರಣ ಆಗ ಅರ್ಥವಾಯಿತು. ರಕ್ತನಾಳಕ್ಕೆ ಔಷಧಿ ಕೊಟ್ಟು, ಮತ್ತೆ ಮತ್ತೆ ಅಳೆಯುತ್ತಾ, 178ಕ್ಕೆ 100 ಬಂದಾಗ ನಿಲ್ಲಿಸಿದರು.

ಒಪ್ಪಿಗೆಯ ಕಾಗದ ಮೈದುನನ ಮುಂದೆ ಬಂತು. ವೈದ್ಯರು ಏನನ್ನೂ ಮುಚ್ಚಿಡಲಿಲ್ಲ: ಈ ಔಷಧಿ ಪಡೆದ 100 ಜನರಲ್ಲಿ ಸುಮಾರು ಆರು ಜನರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಡಬಹುದು, ಕೆಲವರು ಸಾಯಲೂಬಹುದು, ಆದರೂ ಒಟ್ಟು ಲೆಕ್ಕದಲ್ಲಿ ಕೊಟ್ಟವರಲ್ಲಿ ಸ್ವತಂತ್ರವಾಗಿ ಬದುಕುವವರೇ ಹೆಚ್ಚು. ಮೈದುನ ಅತ್ತೆಯ ಮುಖ ನೋಡಿದ. ಕುಶಾಲನಗರದಲ್ಲಿದ್ದ ನನ್ನ ಪತಿ ಫೋನಿನಲ್ಲಿದ್ದರು. ಅತ್ತೆ ಕೇಳಿದ್ದು ಒಂದೇ ಮಾತು: ‘ಡಾಕ್ಟ್ರೇ, ನಿಮ್ಮ ಅಪ್ಪನಾಗಿದ್ದರೆ ಕೊಡುತ್ತಿದ್ದಿರಾ?’ ಅವರು ಹೌದು ಎಂದರು, ಮೈದುನ ಸಹಿ ಹಾಕಿದ. ದೂರದ ನೆಂಟರನ್ನೆಲ್ಲ ವಿಚಾರಿಸಿ ಆಮೇಲೆ ಹೇಳುತ್ತೇವೆ ಎನ್ನುವ ಮನೆಗಳಲ್ಲಿ ಇಲ್ಲಿಯೇ ಅರ್ಧ ಗಂಟೆ ಹೋಗುತ್ತದೆಂದು ಸಿಸ್ಟರ್ ಆಮೇಲೆ ಹೇಳಿದರು. ಯಾರು ಸಹಿ ಹಾಕಬೇಕು ಎಂಬುದನ್ನು ಕಾರಿನಲ್ಲಿಯೇ ಮಾತಾಡಿಕೊಂಡರೆ ಒಳ್ಳೆಯದೆಂದು ನನಗೆ ಅನ್ನಿಸುತ್ತದೆ.

ಔಷಧಿಯ ಪ್ರಮಾಣ ದೇಹದ ತೂಕದ ಮೇಲೆ ನಿಂತಿದೆ. ಮಾವನವರಿಗೆ ಕೊಟ್ಟ ಔಷಧಿ ಆಲ್ಟಿಪ್ಲೇಸ್. ಕಿಲೋ ತೂಕಕ್ಕೆ 0.9 ಮಿಲಿಗ್ರಾಂ, ಎಷ್ಟೇ ತೂಕವಿದ್ದರೂ 90 ಮಿಲಿಗ್ರಾಂ ಮೀರುವಂತಿಲ್ಲ. ಮಲಗಿರುವ, ಮಾತು ಬಾರದ ವ್ಯಕ್ತಿಯ ತೂಕ ಎಷ್ಟೆಂದು ಕೇಳಿದರೆ ಮನೆಯವರು ಅಂದಾಜು ಹೇಳುತ್ತಾರೆ. ನಮ್ಮ ಬಿ.ಪಿ. ಚೀಟಿಯಲ್ಲಿ ಹಿಂದಿನ ತಿಂಗಳು ತೂಗಿದ ತೂಕವಿತ್ತು, 62 ಕಿಲೋ. ಲೆಕ್ಕ 55.8 ಮಿಲಿಗ್ರಾಂ ಬಂತು. ಅದರ ಹತ್ತನೆಯ ಒಂದು ಭಾಗ, ಎಂದರೆ ಸುಮಾರು 5.6 ಮಿಲಿಗ್ರಾಂ, ಒಂದು ನಿಮಿಷದಲ್ಲಿ ಸಿರಿಂಜಿನಿಂದ ಹೋಯಿತು; ಉಳಿದದ್ದು ಒಂದು ಗಂಟೆಯ ಕಾಲ ಪಂಪಿನ ಮೂಲಕ ಇಳಿಯಿತು. ಈಗ ಅನೇಕ ಕಡೆ ಟೆನೆಕ್ಟಿಪ್ಲೇಸ್ ಎಂಬ ಇನ್ನೊಂದು ಔಷಧಿಯನ್ನು ಒಂದೇ ಬಾರಿಗೆ ಕೊಟ್ಟುಬಿಡುತ್ತಾರಂತೆ. ಸಿರಿಂಜ್ ಒತ್ತಿದಾಗ ಹತ್ತೂವರೆ. ಏಳೂಮುಕ್ಕಾಲಿನಿಂದ ಎಣಿಸಿದರೆ ಎರಡೂಮುಕ್ಕಾಲು ಗಂಟೆ. ಅತ್ತೆಯ ಆರೂವರೆಯಿಂದ ಎಣಿಸಿದ್ದರೆ ನಾಲ್ಕು ಗಂಟೆ.

ಪವಾಡವೇನೂ ನಡೆಯಲಿಲ್ಲ. ಪಂಪ್ ನಡೆಯುತ್ತಿದ್ದ ಹೊತ್ತಿನಲ್ಲಿ ಬಿ.ಪಿ. ಕಾಲು ಗಂಟೆಗೊಮ್ಮೆ ನೋಡುತ್ತಾ, ತಲೆನೋವು ಬಂತೇ, ವಾಂತಿ ಬಂತೇ ಎಂದು ಗಮನಿಸುತ್ತಾ ಕಳೆಯಿತು. ಅವು ಬಂದರೆ ರಕ್ತಸ್ರಾವದ ಶಂಕೆಯಲ್ಲಿ ಪಂಪ್ ನಿಲ್ಲಿಸಬೇಕಾಗುತ್ತದೆ. ಪಂಪ್ ಮುಗಿಯುವ ಮೊದಲು ಬಲಗಾಲು ಹಾಸಿಗೆಯ ಮೇಲೆ ಸರಿದಾಡಿತು. ಮಧ್ಯಾಹ್ನ ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಹೊರಟೆವು. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ ಇಂಜೆಕ್ಷನ್ ಒಂದೇ ಸಾಲದು. ತೊಡೆಯ ಅಥವಾ ಕೈಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಯನ್ನೇ ಎಳೆದು ತೆಗೆಯಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ ಮಾಡುತ್ತಾರೆ, ಉಳಿಸಿಕೊಳ್ಳುವಷ್ಟು ಭಾಗ ಇನ್ನೂ ಇದೆ ಎಂದು ವಿಶೇಷ ಸ್ಕ್ಯಾನಿನಲ್ಲಿ ಕಂಡವರಿಗೆ 24 ಗಂಟೆಯವರೆಗೂ ಮಾಡುವುದುಂಟು. ಮೈಸೂರಿನಲ್ಲಿ ರಕ್ತನಾಳಗಳ ಸ್ಕ್ಯಾನ್ ತೆಗೆದಾಗ ದೊಡ್ಡ ನಾಳಗಳು ತೆರೆದಿದ್ದವು, ಗಡ್ಡೆ ಸಿಕ್ಕಿಕೊಂಡಿದ್ದು ಒಂದು ಕವಲಿನಲ್ಲಿ. ನಳಿಕೆಯ ಅಗತ್ಯ ಬೀಳಲಿಲ್ಲ. ಮರುದಿನ ಮತ್ತೊಮ್ಮೆ ಸಿ.ಟಿ. ತೆಗೆದು ರಕ್ತಸ್ರಾವವಿಲ್ಲವೆಂದು ಖಚಿತವಾದ ಮೇಲೆಯೇ ಆಸ್ಪಿರಿನ್ ಶುರುಮಾಡಿದರು, ಅದೂ ಚಮಚದಲ್ಲಿ ನೀರು ಕೊಟ್ಟು ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸಿದ ನಂತರ.

ಗಡ್ಡೆ ಎಲ್ಲಿಂದ ಬಂತು ಎಂಬುದು ಎರಡನೆಯ ದಿನ ಮಾನಿಟರಿನಲ್ಲಿ ಸಿಕ್ಕಿತು. ಮಾವನವರ ನಾಡಿ ಆಗಾಗ ತಾಳ ತಪ್ಪುತ್ತಿತ್ತು. ಹೃದಯದ ಮೇಲಿನ ಕೋಣೆಗಳು ಹಾಗೆ ಅಡ್ಡಾದಿಡ್ಡಿಯಾಗಿ ಕಂಪಿಸುವಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಚೂರೊಂದು ಮೆದುಳಿಗೆ ಹಾರುತ್ತದೆ. ಅದಕ್ಕೆ ಬೇರೆ ಮಾತ್ರೆ ಬೇಕು, ಅದನ್ನು ಕೆಲವು ದಿನ ಬಿಟ್ಟು ಶುರುಮಾಡಿದರು. ಆಗ ಅತ್ತೆಗೆ ಒಂದು ವಿಷಯ ನೆನಪಾಯಿತು. ಕೆಲವು ದಿನಗಳ ಹಿಂದೆ ಮಾವನವರು ಸಂಜೆ ಬೀಡಿ ಹಚ್ಚುವಾಗ ಬೆಂಕಿಪೊಟ್ಟಣ ಕೈಯಿಂದ ಜಾರಿತ್ತಂತೆ, ಐದು ಹತ್ತು ನಿಮಿಷ ಕೈ ಜೋಮು ಹಿಡಿದಂತಿದ್ದು ಸರಿಹೋಯಿತಂತೆ, ‘ಯಾರಿಗೂ ಹೇಳಬೇಡ’ ಎಂದಿದ್ದರಂತೆ. ಇದನ್ನು ಕೇಳಿದ ವೈದ್ಯರು ತಲೆಯಾಡಿಸಿದರು. ತಾನಾಗಿ ಸರಿಹೋಗುವ ಇಂಥ ಚಿಕ್ಕ ಸೋಲು ದೊಡ್ಡದರ ಮುನ್ಸೂಚನೆ. ಅದರ ಬೆನ್ನಿಗೇ ಪಾರ್ಶ್ವವಾಯು ಆಗುವ ಅಪಾಯ ಮೊದಲ ಎರಡು ದಿನಗಳಲ್ಲಿ ಅತಿ ಹೆಚ್ಚು. ಸರಿಹೋಯಿತೆಂದು ಸುಮ್ಮನಿರದೆ ಅದೇ ದಿನ ಆಸ್ಪತ್ರೆಗೆ ಹೋದರೆ ನಾಡಿ, ಕತ್ತಿನ ರಕ್ತನಾಳ, ಬಿ.ಪಿ. ಎಲ್ಲವನ್ನೂ ನೋಡಿ ಮಾತ್ರೆ ಶುರುಮಾಡುತ್ತಾರೆ.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಹಿರಿಯರದು ಎಡಪಕ್ಕ ಸೋತಿತ್ತು. ಅವರು ಎಲ್ಲರೊಂದಿಗೆ ಸರಾಗವಾಗಿ ಮಾತಾಡುತ್ತಾ, ‘ನನಗೇನೂ ಆಗಿಲ್ಲ, ಸುಮ್ಮನೆ ಮಲಗಿಸಿದ್ದಾರೆ’ ಎನ್ನುತ್ತಿದ್ದರು. ಎಡಗೈ ಹಾಸಿಗೆಯಿಂದ ಹೊರಗೆ ನೇತಾಡುತ್ತಿದ್ದರೂ ಅವರಿಗೆ ಅದರ ಪರಿವೆಯಿರಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ತನ್ನ ಎಡ ಮೈಯನ್ನೇ ರೋಗಿ ಗುರುತಿಸದೆ ಹೋಗುವುದುಂಟಂತೆ. ಅವರು ಆ ಮಾತಿನಿಂದಲೇ ಮನೆಯವರನ್ನು ಮಧ್ಯಾಹ್ನದವರೆಗೆ ತಡೆದಿದ್ದರು. ಆದ್ದರಿಂದ ರೋಗಿ ಏನೂ ಆಗಿಲ್ಲವೆಂದರೂ ಕೈ ಚಾಚಿಸಿ ನೋಡಬೇಕು. ಇನ್ನೊಬ್ಬ ಮಹಿಳೆಗೆ ಮುಖ, ಕೈ, ಮಾತು ಮೂರೂ ಸರಿಯಿದ್ದವು. ಏಕಾಏಕಿ ನಿಲ್ಲಲಾಗದೆ ಒಂದು ಪಕ್ಕಕ್ಕೆ ಎಳೆದಂತಾಗಿ, ಎಲ್ಲವೂ ಎರಡೆರಡಾಗಿ ಕಂಡಿತ್ತು. ಅದೂ ಪಾರ್ಶ್ವವಾಯುವೇ, ಮೆದುಳಿನ ಹಿಂಭಾಗದ್ದು.

ಮಾವನವರು ಈಗ ತಾವೇ ನಡೆದು ಕಣಕ್ಕೆ ಹೋಗುತ್ತಾರೆ. ಬಲಗೈಯ ಹಿಡಿತ ಪೂರ್ತಿ ಮರಳಿಲ್ಲ. ಅಂಗಿಯ ಗುಂಡಿಯನ್ನು ಅತ್ತೆಯೇ ಹಾಕಬೇಕು. ಮಾತು ಬಹುಮಟ್ಟಿಗೆ ಬಂದಿದೆ, ಹೆಸರುಗಳು ಮಾತ್ರ ತಡವಾಗಿ ಬರುತ್ತವೆ. ಇಂಜೆಕ್ಷನ್ ಇಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತೆಂದು ಒಬ್ಬ ರೋಗಿಯಲ್ಲಿ ಯಾರೂ ಹೇಳಲಾರರು ಎಂದು ವೈದ್ಯರೇ ಹೇಳಿದರು.

ಈ ವರ್ಷ ಪಕ್ಕದ ತೋಟದ ಚಿಕ್ಕಮ್ಮನಿಗೇ ಬೆಳಿಗ್ಗೆ ಏಳುವಾಗ ಎಡಗಾಲು ಸೋತಿತ್ತು. ರಾತ್ರಿ ಹತ್ತಕ್ಕೆ ಮಲಗುವಾಗ ಚೆನ್ನಾಗಿದ್ದರು, ಬೆಳಿಗ್ಗೆ ಆರಕ್ಕೆ ಎದ್ದಾಗ ಹೀಗೆ. ಎಂದರೆ ಲೆಕ್ಕ ಹಿಡಿಯಬೇಕಾದದ್ದು ರಾತ್ರಿ ಹತ್ತರಿಂದ. ಮಧ್ಯರಾತ್ರಿ ಬಚ್ಚಲಿಗೆ ಎದ್ದು ಹೋಗಿದ್ದನ್ನು ಯಾರಾದರೂ ನೋಡಿದ್ದಾರೆಯೇ ಎಂದು ಅವರ ಸೊಸೆಯನ್ನು ಕೇಳಿದೆ. ಮೂರು ಗಂಟೆಗೆ ಲೈಟ್ ಹಾಕಿಕೊಂಡು ತಾವೇ ನಡೆದು ಹೋಗಿ ಬಂದಿದ್ದರಂತೆ. ಅದನ್ನು ಫೋನಿನಲ್ಲೇ ಆಸ್ಪತ್ರೆಗೆ ತಿಳಿಸಿ ಹೊರಟರು. ಅವರು ತಲುಪುವ ಹೊತ್ತಿಗೆ ಏಳೂಕಾಲು, ಸಿ.ಟಿ. ಮುಗಿಯುವಾಗ ಏಳೂವರೆ ದಾಟಿ, ನಾಲ್ಕೂವರೆ ಗಂಟೆ ಮೀರಿತ್ತು. ಇಂಥವರಲ್ಲಿ ಎಂ.ಆರ್.ಐ. ತೆಗೆದು ಉಳಿಸಿಕೊಳ್ಳುವ ಭಾಗ ಕಂಡರೆ ಕೆಲವರಿಗೆ ಆಗಲೂ ಇಂಜೆಕ್ಷನ್ ಕೊಡಬಹುದಾದ್ದರಿಂದ ಅವರನ್ನು ಮೈಸೂರಿಗೆ ಕಳುಹಿಸಿದರು. ಎಂ.ಆರ್.ಐ.ಯಲ್ಲಿ ಆ ಭಾಗ ಆಗಲೇ ಹಾಳಾಗಿತ್ತು. ಇಂಜೆಕ್ಷನ್ ಸಿಗಲಿಲ್ಲ, ನುಂಗುವ ಪರೀಕ್ಷೆ, ಆಸ್ಪಿರಿನ್, ಮರುದಿನದಿಂದಲೇ ಫಿಸಿಯೋಥೆರಪಿ ಸಿಕ್ಕವು, ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ.